ಚೌಕದೊಳಗೆ ಹಿಡಿಯದ ಹೆಸರು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ನಮ್ಮ ಹೆಸರಿನ ಮುಂದೆ ಊರಿರುತ್ತದೆ, ಅಪ್ಪನಿರುತ್ತಾನೆ; ಅಡ್ಡಹೆಸರಿಲ್ಲದವರೇ ಬಹಳ. ಎಚ್. ಬಸಪ್ಪನೆಂದರೆ ಹೊನ್ನಾಳಿಯ ಬಸಪ್ಪ. ಶಾಂತವೇರಿ ಗೋಪಾಲಗೌಡರ ಶಾಂತವೇರಿಯೂ ಊರೇ.

ಪಾಸ್‌ಪೋರ್ಟಿನವರು ಒಂಟಿ ಹೆಸರನ್ನು ಮೊದಲ ಚೌಕದಲ್ಲಿ ಬರೆಯೆನ್ನುತ್ತಾರೆ. ಪ್ಯಾನಿನ 49ಎ ನಮೂನೆ ಅದನ್ನೇ ಕೊನೆಯ ಹೆಸರಿನ ಚೌಕಕ್ಕೆ ತಳ್ಳಿತು, ಇನಿಷಿಯಲ್ ಕೂಡದೆಂದಿತು. ಒಂದೇ ಸರ್ಕಾರ, ಎರಡು ಅಪ್ಪಣೆ! ನಮೂನೆ ತುಂಬುವವನು "ಬಸಪ್ಪ ಹೊನ್ನಾಳಿ" ಎಂದು ಬರೆದ. ಆಧಾರಿನಲ್ಲಿದ್ದುದು "ಬಸಪ್ಪ ಎಚ್". ತಾಳೆಯಾಗದೆ ಜೋಡಣೆ ನಿಂತಿತು. ತಿದ್ದುಪಡಿಗೆ ಶುಲ್ಕ, ಅದರ ಮೇಲೆ ದಿನದ ಕೂಲಿ ಖೋತಾ.

ತಪ್ಪು ಬಸಪ್ಪನದಲ್ಲ, ಚೌಕದ್ದು. ಆಧಾರಿಗೆ ಪೂರ್ಣ ಹೆಸರಿನ ಒಂದೇ ಚೌಕ ಸಾಕಾದರೆ ಉಳಿದವಕ್ಕೆ ಎರಡೇಕೆ? ಎಲ್ಲೆಡೆ ಒಂದೇ ಚೌಕ ಬರಲಿ! ಅಲ್ಲಿಯವರೆಗೆ ಸಂಗಾತಿಗಳೇ, ದಾಖಲೆ ಕೊಟ್ಟು ಮೊದಲು ಆಧಾರಿನಲ್ಲೇ "ಎಚ್" ಬಿಡಿಸಿ "ಹೊನ್ನಾಳಿ" ಎಂದು ಬರೆಸಿರಿ. ಉಳಿದೆಡೆಯೂ ಅದನ್ನೇ, ಅದೇ ಕ್ರಮದಲ್ಲಿ, ಅದೇ ಅಕ್ಷರಗಳಲ್ಲಿ ಕೊಡಿರಿ.