ಮುಗಿದ ತಿಂಗಳ ಲೆಕ್ಕಕ್ಕೆ ಬೀಗ ಬೇಕು



ತೋಟದ ಕಾಫಿಯನ್ನು ತಾವೇ ಹುರಿದು, ಪುಡಿ ಮಾಡಿಸಿ, ಪೇಟೆಯಲ್ಲಿ ಅಂಗಡಿಯಿಟ್ಟು ಮಾರುವ ಬೆಳೆಗಾರರು ನಮ್ಮಲ್ಲಿ ಇದ್ದಾರೆ. ಯಜಮಾನರು ತೋಟದಲ್ಲಿ, ಗಲ್ಲಾದ ಮುಂದೆ ಸಂಬಳದ ಹುಡುಗ. ಅವನಿಗೆ ಬಿಲ್ಲು ಬರೆಯುವ ಅಧಿಕಾರ ಕೊಡಲೇಬೇಕು. ಮುಗಿದ ತಿಂಗಳ ಲೆಕ್ಕ ತಿದ್ದುವ ಅಧಿಕಾರ ಕೊಡಕೂಡದೆಂಬುದು ನನ್ನ ಖಚಿತ ಅಭಿಪ್ರಾಯ. ಹುಡುಗ ಪ್ರಾಮಾಣಿಕನಾಗಿದ್ದರೂ ಈ ಮಾತು ಸಲ್ಲುತ್ತದೆ.

ಮೈಸೂರಿನ ದೇವರಾಜ ಮೊಹಲ್ಲಾದಲ್ಲಿ ಇಂಥದೊಂದು ಅಂಗಡಿ ಇದೆಯೆಂದು ಭಾವಿಸೋಣ. ಮಾರ್ಚ್ 28ರಂದು ಒಂದು ಹೋಟೆಲಿಗೆ ಕಿಲೋಗೆ 600 ರೂಪಾಯಿಯಂತೆ 10 ಕಿಲೋ ಪುಡಿ ಮಾರಾಟವಾಯಿತು. ತೆರಿಗೆ ಬಿಟ್ಟು 6,000 ರೂಪಾಯಿ. ಏಪ್ರಿಲ್ 11ರೊಳಗೆ ಮಾರ್ಚಿನ ಜಿಎಸ್‌ಟಿ ವಿವರವನ್ನೂ ಸಲ್ಲಿಸಿಯಾಯಿತು. 15ರಂದು ಹೋಟೆಲಿನವರು 2 ಕಿಲೋ ಹಿಂದಿರುಗಿಸಿದರು. ಹುಡುಗ ಹಳೆಯ ಬಿಲ್ಲನ್ನೇ ತೆರೆದು 10 ಇದ್ದುದನ್ನು 8 ಮಾಡಿದ. ಆ ಕ್ಷಣದಲ್ಲಿ ಮಾರ್ಚಿನ ಮಾರಾಟ 1,200 ರೂಪಾಯಿ ಇಳಿಯಿತು, ವರ್ಷಾಂತ್ಯದ ದಾಸ್ತಾನು 2 ಕಿಲೋ ಏರಿತು. ಸರ್ಕಾರಕ್ಕೆ ಕೊಟ್ಟ ಲೆಕ್ಕ ಒಂದು, ಪುಸ್ತಕದ ಲೆಕ್ಕ ಇನ್ನೊಂದು. ಆಡಿಟಿನಲ್ಲಿ ವ್ಯತ್ಯಾಸ ಕಾಣುವ ಹೊತ್ತಿಗೆ ಕಾರಣ ಯಾರಿಗೂ ನೆನಪಿರುವುದಿಲ್ಲ.

ಸರಿಯಾದ ಕ್ರಮವೆಂದರೆ ಮಾರ್ಚಿನ ಬಿಲ್ಲನ್ನು ಮುಟ್ಟದೆ, ಏಪ್ರಿಲ್ 15ರ ತಾರೀಖಿಗೆ ಕ್ರೆಡಿಟ್ ನೋಟು ಬರೆಯುವುದು. ಆಗ 2 ಕಿಲೋ ಏಪ್ರಿಲ್‌ನ ದಾಸ್ತಾನಿಗೆ ಸೇರುತ್ತದೆ.

1986ರಲ್ಲಿ ಆರಂಭವಾದ ಬೆಂಗಳೂರಿನ ಸಂಸ್ಥೆಯ ಟ್ಯಾಲಿ ತಂತ್ರಾಂಶವನ್ನೇ ನಮ್ಮಲ್ಲಿ ಹಲವರು ಬಳಸುವುದರಿಂದ ಅದರ ಕ್ರಮವನ್ನೇ ಹೇಳುತ್ತೇನೆ. ಟ್ಯಾಲಿಪ್ರೈಮ್‌ನಲ್ಲಿ Alt+K ಒತ್ತಿ User Roles ತೆರೆಯಿರಿ. Data Entry ಆಧಾರದ ಮೇಲೆ ಮಾರಾಟಗಾರನಿಗೆಂದು ಒಂದು ಪಾತ್ರ ಮಾಡಿ, ಮಾರಾಟದ ಬಿಲ್ಲು ಬರೆಯಲು ಬಿಟ್ಟು, ಬರೆದುದನ್ನು ತಿದ್ದುವುದನ್ನು ನಿರಾಕರಿಸಿ. ಅಲ್ಲಿಯೇ ಇರುವ Cut-off date for Backdated vouchers ಎಂಬಲ್ಲಿ ಮುಗಿದ ತಿಂಗಳ ಕೊನೆಯ ದಿನ ತುಂಬಿ. ವಿವರ ಸಲ್ಲಿಸಿದ ಮೇಲೆ ಪ್ರತಿ ತಿಂಗಳೂ ಈ ತಾರೀಖನ್ನು ಮುಂದೂಡದಿದ್ದರೆ ಬೀಗ ಹಳೆಯ ಬಾಗಿಲಲ್ಲೇ ಉಳಿಯುತ್ತದೆ. ಬಳಿಕ Users and Passwordsನಲ್ಲಿ ಹುಡುಗನ ಹೆಸರಿಗೆ ಈ ಪಾತ್ರ ಕೊಡಿ.

ಇಷ್ಟಕ್ಕೇ ನಂಬಿ ಕೂರಬೇಡಿ. ಹುಡುಗನ ಹೆಸರಿನಿಂದಲೇ ಒಳಹೊಕ್ಕು ಹಳೆಯದೊಂದು ಬಿಲ್ಲು ತಿದ್ದಲು ಯತ್ನಿಸಿ. ಮಾರ್ಚ್ 31ರ ತಾರೀಖಿಗೆ ಹೊಸ ಬಿಲ್ಲು ಬರೆದು ನೋಡಿ. ಎರಡನ್ನೂ ಯಂತ್ರ ತಡೆಯಬೇಕು. ಇಂದಿನ ಬಿಲ್ಲು ಮಾತ್ರ ಸಲೀಸಾಗಿ ಆಗಬೇಕು.

ಯಜಮಾನರ ಗುಪ್ತಪದವನ್ನು ಗಲ್ಲಾದ ಮೇಲೆ ಚೀಟಿ ಅಂಟಿಸಿದರೆ ಈ ಏರ್ಪಾಡೆಲ್ಲ ವ್ಯರ್ಥ. ಲೆಕ್ಕದ ಕಡತವನ್ನೇ ಅಳಿಸಿ ಹಳೆಯ ಪ್ರತಿ ಇಟ್ಟರೂ ಈ ಬೀಗ ತಡೆಯಲಾರದು. ಆದುದರಿಂದ ತಿಂಗಳು ಮುಗಿದೊಡನೆ ಒಂದು ಪ್ರತಿ ತೋಟದ ಮನೆಗೆ ಬರಲಿ. ಕ್ರೆಡಿಟ್ ನೋಟಿನ ಅಧಿಕಾರವನ್ನು ಯಜಮಾನರೇ ಇಟ್ಟುಕೊಂಡರೆ ಹುಡುಗ ಒಂದು ಫೋನು ಮಾಡಬೇಕಾದೀತು. ಆ ಫೋನಿನಿಂದಲೇ ವಾಪಸು ಬಂದ ಮಾಲಿನ ಸುದ್ದಿ ತೋಟಕ್ಕೆ ಅಂದೇ ಮುಟ್ಟುತ್ತದೆ.