ಹಳೇ ಜಾಹೀರಾತಿಗೆ ಒಂದು ಚೀಟಿ

ಭದ್ರಾವತಿಲಿ ನನ್ನ ತಮ್ಮಂದು ಸಣ್ಣ ಪಾತ್ರೆ ಅಂಗಡಿ. ಹಿಂದೆ ಕೇಬಲ್ ಟೀವಿಲಿ ಬರ್ತಿದ್ದ ಜಾಹೀರಾತನ್ನ ಈಗ ಮೊಬೈಲಲ್ಲಿ ಹಾಕ್ಬೇಕು ಅಂತ, ಶಿವಮೊಗ್ಗದ ಒಬ್ಬ ಎಡಿಟಿಂಗ್ ಹುಡುಗನಿಗೆ "ಸ್ವಲ್ಪ ಹೊಸದು ಮಾಡಿ ಕೊಡಪ್ಪ" ಅಂತ ಒಂದೇ ಸಾಲು ಬರೆದು ಕಳ್ಸಿದ್ದ. ವಾಪಸ್ ಬಂದಿದ್ರಲ್ಲಿ ಹೊಸ ಮ್ಯೂಸಿಕ್ಕು, ಮಿಣಮಿಣ ಅಕ್ಷರ. ಹಳೇ ಫೋನ್ ನಂಬರ್ ಹಂಗೇ ಇತ್ತು. ತೀರಿಹೋದ ನಮ್ಮಮ್ಮ ಗಲ್ಲದ ಪಕ್ಕ ಕೂತು "ಬನ್ನಿ ಒಳಗೆ" ಅನ್ನೋ ಕಡೆ ಅವರ ದನಿ ಇದೆ, ಮುಖಾನೇ ಇಲ್ಲ!

ತಮ್ಮ ಆ ಹುಡುಗನ್ನ ಬೈಯೋಕೆ ಹೊರಟ. ನಾನಂದೆ, "ತಪ್ಪು ನಿಂದು ಕಣೋ. ಅಳತೆ ಕೊಡ್ದೆ ಬ್ಲೌಸ್ ಹೊಲೀರಿ ಅಂದ್ರೆ ಹೊಲಿಯೋರು ಏನ್ ಮಾಡ್ತಾರೆ?"

ಮುಖ ಹೋಗಿದ್ದು ಯಾಕೆ ಅಂದ್ರೆ, ಹಳೇ ಟೀವಿ ಚಿತ್ರ ಹೆಚ್ಚುಕಮ್ಮಿ ಚೌಕ, ಮೊಬೈಲ್ ಉದ್ದ. ಪರದೆ ತುಂಬೋ ಹಂಗೆ ಚಿತ್ರ ಹಿಗ್ಗಿಸಿದ್ರೆ ಎರಡೂ ಪಕ್ಕ ಸೇರಿ ಅರ್ಧಕ್ಕಿಂತ ಜಾಸ್ತಿ ಹೊರಗೆ ಹೋಗುತ್ತೆ. ಅಮ್ಮ ಕೂತಿದ್ದು ಎಡಗಡೆ ಅಂಚಲ್ಲಿ.

ಆಮೇಲೆ ನಾವಿಬ್ರೂ ಪೆನ್ನು ಹಿಡ್ಕೊಂಡು ಹಳೇದನ್ನ ನಿಲ್ಸಿ ನಿಲ್ಸಿ ನೋಡಿ, ಹೊಸ ಚೀಟಿ ಬರೆದ್ವಿ:

"ಒಟ್ಟು 40 ಸೆಕೆಂಡ್ ಇದೆ. 6ರಿಂದ 11, ಅಮ್ಮನ ಮುಖ, ಮಾತು ಎರಡೂ ಇರ್ಲಿ, ಅಲ್ಲಿ ಮ್ಯೂಸಿಕ್ ಬೇಡ. 18ರಿಂದ 24, ಎಂಪಿಎಂ ನೌಕರರಿಗೆ ರಿಯಾಯಿತಿ ಅನ್ನೋದು ತೆಗೀರಿ. ಚಿತ್ರ ಹಿಗ್ಗಿಸ್ಬೇಡಿ, ಪೂರ್ತಿ ಚಿತ್ರ ನಡುವೆ ಇರ್ಲಿ. ಮೇಲೆ ಅಂಗಡಿ ಹೆಸರು, ಕೆಳಗೆ ಹೊಸ ನಂಬರ್ ಬರ್ಲಿ. 35ರಿಂದ ಕೊನೇವರೆಗೆ ಹಳೇ ನಂಬರ್, ಇಂಗ್ಲಿಷಲ್ಲಿ ಶಿಮೋಗಾ ಅಂತಿರೋ ವಿಳಾಸ ಇದೆ. ಅದನ್ನ ಕತ್ತರಿಸಿ, ಈಗಿನ ಅಂಗಡಿ ಫೋಟೋ ಹಾಕಿ."

ಇಂಗ್ಲಿಷಲ್ಲೂ ಶಿವಮೊಗ್ಗ ಅಂತ ಆಗಿದ್ದು 2014ರ ನವೆಂಬರ್ 1ಕ್ಕೆ. ಎಂಪಿಎಂ ಕಾಗದ ಕಾರ್ಖಾನೆ ನಿಂತು ವರ್ಷಗಳೇ ಆದ್ವು. ಕೆಲಸ ಕಳ್ಕೊಂಡವರಿಗೆ ಆ ರಿಯಾಯಿತಿ ತೋರ್ಸಿದ್ರೆ ಹೊಟ್ಟೆ ಉರಿಯಲ್ವಾ? ಎಡಿಟಿಂಗ್ ಹುಡುಗನಿಗೆ ಇದೆಲ್ಲ ಹೆಂಗೆ ಗೊತ್ತಾಗ್ಬೇಕು? ಅಂಗಡಿಯವರೇ ಹೇಳ್ಬೇಕು.

ಇನ್ನೊಂದು ವಿಷ್ಯ. ತಮ್ಮ ಮೊದ್ಲು ಕಳ್ಸಿದ್ದು ಮಬ್ಬಾಗಿದ್ದ ವಾಟ್ಸಾಪ್ ಪ್ರತಿ. ವಿಡಿಯೋ ಅಂತ ಕಳ್ಸಿದಾಗೆಲ್ಲ ಅದು ಕುಗ್ಗಿ ಹೋಗುತ್ತೆ. ಬೀರುವಿನಲ್ಲಿದ್ದ ಸೀಡಿ ಹುಡುಕಿ, ಅದ್ರಲ್ಲಿದ್ದ ಫೈಲನ್ನ ಡಾಕ್ಯುಮೆಂಟ್ ಅಂತ ಕಳ್ಸಿದ್ವಿ. ಚಿತ್ರದ ಮೇಲೇ ಅಚ್ಚಾಗಿರೋ ಹಳೇ ಅಕ್ಷರ ಸೀಡಿಲೂ ಸುಲಭವಾಗಿ ಅಳ್ಸೋಕೆ ಬರಲ್ಲ, ಅದಕ್ಕೇ ಕತ್ತರಿಸಿ ಅಂತ ಬರೆದಿದ್ದು.

ಎರಡನೇ ಸಲ ಸರಿಯಾಗಿ ಬಂತು. ಆದ್ರೂ ದುಡ್ಡು ಕೊಡೋ ಮುಂಚೆ, ಪರದೆ ಮೇಲಿದ್ದ ನಂಬರ್ ನೋಡ್ಕೊಂಡು ನಾನೇ ಫೋನ್ ಮಾಡ್ದೆ. ತಮ್ಮನ ಜೇಬಲ್ಲೇ ರಿಂಗಾಯ್ತು.