ಒಂದು ನಿಮಿಷದ ಪರಿಚಯ

ಇಂಟರ್ನ್‌ಶಿಪ್ ಸಂದರ್ಶನಕ್ಕೆ ಸಿದ್ಧರಾಗುವ ಮಕ್ಕಳು ಬರೆದುಕೊಳ್ಳುವ ಪರಿಚಯದಲ್ಲಿ ಹೆಸರು, ಊರು, ತಂದೆತಾಯಿಯರ ವಿವರ, ಹತ್ತನೆಯ ತರಗತಿಯ ಅಂಕಗಳಿಗೇ ಅರ್ಧ ನಿಮಿಷ ಕಳೆದುಹೋಗುತ್ತದೆ. ಅಗತ್ಯವಾದದ್ದೆಲ್ಲ ಸಂದರ್ಶಕರ ಮುಂದಿರುವ ಅರ್ಜಿಯಲ್ಲೇ ಇರುತ್ತದೆ. ನನ್ನ ಅಭಿಪ್ರಾಯದಲ್ಲಿ ಓದಿಗೆ 15 ಸೆಕೆಂಡು, ಆಸಕ್ತಿಗೆ 15 ಸೆಕೆಂಡು ಸಾಕು. ಉಳಿದ 30 ಸೆಕೆಂಡು ಒಂದೇ ಒಂದು ಉದಾಹರಣೆಗೆ ಸಲ್ಲಬೇಕು.

ಸಂಖ್ಯಾಶಾಸ್ತ್ರ ಓದುವ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳಿ. “ದತ್ತಾಂಶ ವಿಶ್ಲೇಷಣೆ ನನಗೆ ಇಷ್ಟ” ಎಂದಷ್ಟೇ ಹೇಳಿದರೆ ಕೇಳಿದವರ ಮನಸ್ಸಿನಲ್ಲಿ ಏನೂ ನಿಲ್ಲದು. ಬದಲಾಗಿ ಅವಳು ಹೀಗೆನ್ನಲಿ: “ನಮ್ಮ ಹಾಸ್ಟೆಲಿನಲ್ಲಿ ಉಳಿಯುತ್ತಿದ್ದ ಅನ್ನವನ್ನು ನಾಲ್ಕು ವಾರ ಪ್ರತಿ ರಾತ್ರಿ ತೂಗಿ ಬರೆದಿಟ್ಟೆ. ಉಳಿದ ದಿನಗಳಲ್ಲಿ ಸುಮಾರು 6 ಕಿಲೋ, ಶನಿವಾರ 15 ಕಿಲೋ ಉಳಿಯುತ್ತಿತ್ತು. ಅಂದು ಹಲವರು ಊರಿಗೆ ಹೋಗುತ್ತಿದ್ದರು. ಶುಕ್ರವಾರವೇ ಹೆಸರು ಬರೆಸುವ ಪಟ್ಟಿ ಇಟ್ಟೆವು. ಮುಂದಿನ ಶನಿವಾರಗಳಲ್ಲಿ ಉಳಿದದ್ದು 7 ಕಿಲೋ.” ಇದರಲ್ಲಿ ಅವಳು ಮಾಡಿದ ಕೆಲಸ, ಕಂಡ ಕಾರಣ, ಬಂದ ಫಲ ಮೂರೂ ಇವೆ.

ಇಂಥ ಉದಾಹರಣೆ ಸ್ವಂತದ್ದೇ ಆಗಿರಬೇಕು. “ತೂಗಿದ್ದು ಬೇಯಿಸಿದ ಅನ್ನವನ್ನೋ, ತಟ್ಟೆಯಲ್ಲಿ ಬಿಟ್ಟದ್ದನ್ನೂ ಸೇರಿಸಿಯೋ?” ಎಂಬ ಪ್ರಶ್ನೆಗೆ ಎರವಲು ಕಥೆ ಉತ್ತರಿಸಲಾರದು. ಬಾಯಿಪಾಠವೂ ಬೇಡ; ನಡುವೆ ಯಾರಾದರೂ ತಡೆದರೆ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ನಾಲ್ಕು ಸೂಚಕ ಪದಗಳನ್ನು ನೆನಪಿಟ್ಟು, ಗಡಿಯಾರವಿಟ್ಟುಕೊಂಡು ಗಟ್ಟಿಯಾಗಿ ಹೇಳಿ ನೋಡಿ. ನಿಮಿಷ ಮೀರಿದರೆ ಆಸಕ್ತಿಗಳ ಪಟ್ಟಿಯನ್ನು ಕತ್ತರಿಸಿ, ಉದಾಹರಣೆಯನ್ನಲ್ಲ. ಸಂದರ್ಶಕರ ಮುಂದಿನ ಪ್ರಶ್ನೆ ಆ ಉದಾಹರಣೆಯ ಕುರಿತೇ ಬಂದರೆ, ಪರಿಚಯ ತನ್ನ ಕೆಲಸ ಮಾಡಿದೆ ಎಂದು ತಿಳಿಯಿರಿ.